ಡೆಡ್ ಹೀಟ್ ಆದರೆ ಅರ್ಧವಾಗುವುದು ಆಡ್ಸ್ ಅಲ್ಲ, ಕಟ್ಟಿದ ಹಣ

"ಇಂಗ್ಲೆಂಡಿನ ಬೆಟ್ಟಿಂಗ್ ಅಂಗಡಿಯಲ್ಲಿ 10/1 ಕುದುರೆಗೆ 5 ಪೌಂಡ್ ಈಚ್ ವೇ ಕಟ್ಟಿದ್ದೆ. ಎಂಟು ಕುದುರೆ ಓಡಿದವು, ನನ್ನದು ಇನ್ನೊಂದರ ಜೊತೆ ಸಮ ಬಂದು ಮೂರನೇ ಸ್ಥಾನಕ್ಕೆ ಡೆಡ್ ಹೀಟ್. ಕೊಟ್ಟಿದ್ದು ಬರೀ 7.50. ಮೋಸ ಅಲ್ವಾ? ಈಚ್ ವೇ ಅಂದ್ರೆ ದುಡ್ಡು ಸೇಫ್ ಅಂತಾರಲ್ಲ?"

ಮೋಸ ಅಲ್ಲ. ಲೆಸ್ಟರ್‌ನಲ್ಲಿದ್ದಾಗ ನಾನೂ ಇದೇ ತರಹದ ಸ್ಲಿಪ್ ಹಿಡಿದುಕೊಂಡು ಕೌಂಟರ್ ಮುಂದೆ ಜಗಳಕ್ಕೆ ನಿಂತಿದ್ದೆ. ಬೆಂಗಳೂರು ರೇಸ್‌ಕೋರ್ಸ್‌ನಲ್ಲಿ ವಿನ್‌ಗೊಂದು, ಪ್ಲೇಸ್‌ಗೊಂದು ಟಿಕೆಟ್ ಕೊಂಡು ಅಭ್ಯಾಸವಾಗಿತ್ತು. ಇಂಗ್ಲೆಂಡಿನ ಈಚ್ ವೇ ಕೂಡ ಎರಡು ಬೆಟ್, ಆದರೆ ಒಂದೇ ಸ್ಲಿಪ್. ನೀವು ಕಟ್ಟಿದ್ದು 5 ಅಲ್ಲ, 10 ಪೌಂಡ್. ಗೆಲುವಿಗೆ 5, ಪ್ಲೇಸ್‌ಗೆ 5. ಕುದುರೆ ಮೊದಲು ಬರಲಿಲ್ಲವಲ್ಲ, ಗೆಲುವಿನ 5 ಅಲ್ಲಿಗೇ ಮುಗಿಯಿತು.

ಉಳಿದದ್ದು ಪ್ಲೇಸ್. ಎಂಟರಿಂದ ಹನ್ನೊಂದು ಕುದುರೆ ಓಡಿದರೆ ಸಾಮಾನ್ಯವಾಗಿ ಆಡ್ಸ್‌ನ 1/5 ಭಾಗ, ಮೊದಲ ಮೂರು ಸ್ಥಾನಕ್ಕೆ. 10/1ರ ಐದನೇ ಒಂದು ಭಾಗ 2/1, ಅಂದರೆ ಕಟ್ಟಿದ ಒಂದಕ್ಕೆ ಎರಡು ಲಾಭ. ಡೆಡ್ ಹೀಟ್ ಇಲ್ಲದಿದ್ದರೆ 5ಕ್ಕೆ 10 ಲಾಭ, ಕಟ್ಟಿದ 5 ವಾಪಸ್, ಒಟ್ಟು 15.

ನಾನು ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಡೆಡ್ ಹೀಟ್ ಅಂದರೆ ಆಡ್ಸ್ ಅರ್ಧವಾಗುತ್ತದೆ ಅಂದುಕೊಂಡಿದ್ದೆ. 2/1 ಹೋಗಿ 1/1 ಆದರೂ 5ಕ್ಕೆ 10 ಬರುತ್ತದೆ, ಒಟ್ಟು ಹಾಕಿದ ಹಣ ಕೈಗೆ ಬಂತು, ನಷ್ಟವಿಲ್ಲ ಅಂತ ಲೆಕ್ಕ. ಅದೇ ಧೈರ್ಯದಲ್ಲಿ ಜಾಸ್ತಿ ಕಟ್ಟುತ್ತಾ ಹೋದೆ. ನಿಜಕ್ಕೂ ಅರ್ಧವಾಗುವುದು ಕಟ್ಟಿದ ಹಣ. ಒಂದೇ ಮೂರನೇ ಸ್ಥಾನವನ್ನು ಇಬ್ಬರು ಹಂಚಿಕೊಂಡಿದ್ದಾರೆ, ಹಾಗಾಗಿ ನಿಮ್ಮ 5ರಲ್ಲಿ 2.50 ಗೆದ್ದಿತು, ಇನ್ನೊಂದು 2.50 ಸೋತಿತು. ಸೋತದ್ದು ವಾಪಸ್ ಬರುವುದಿಲ್ಲ, ಇದನ್ನೇ ನಾನು ಮರೆತಿದ್ದೆ. ಗೆದ್ದ 2.50ಕ್ಕೆ ಪೂರ್ತಿ 2/1 ಸಿಗುತ್ತದೆ: 5 ಲಾಭ, ಜೊತೆಗೆ ಆ 2.50, ಒಟ್ಟು 7.50. ಕೌಂಟರ್‌ನಲ್ಲಿದ್ದ ಹೆಂಗಸು ನನ್ನ ಸ್ಲಿಪ್‌ನ ಹಿಂದೆ ಪೆನ್ನಿನಲ್ಲಿ ಬರೆದು ತೋರಿಸಿದ ಮೇಲೇ ನನಗೆ ತಲೆಗೆ ಹೋಗಿದ್ದು.

ಎಲ್ಲ ಡೆಡ್ ಹೀಟ್‌ಗೂ ಹೀಗೆ ಕಡಿತವಾಗುವುದಿಲ್ಲ. ನಿಮ್ಮ ಕುದುರೆ ಎರಡನೇ ಸ್ಥಾನಕ್ಕೆ ಇನ್ನೊಂದರ ಜೊತೆ ಸಮ ಬಂದಿದ್ದರೆ ಪೂರ್ತಿ 15 ಸಿಗುತ್ತಿತ್ತು, ಯಾಕಂದರೆ ಎರಡನೇ, ಮೂರನೇ ಎರಡೂ ಹಣ ಕೊಡುವ ಸ್ಥಾನಗಳೇ, ಇಬ್ಬರಿಗೂ ಜಾಗ ಇದೆ. ಹಣ ಕೊಡುವ ಜಾಗಕ್ಕಿಂತ ಸಮ ಬಂದ ಕುದುರೆ ಜಾಸ್ತಿ ಇದ್ದಾಗ ಮಾತ್ರ ಪ್ಲೇಸ್ ಹಣಕ್ಕೆ ಕತ್ತರಿ.

'ಸೇಫ್' ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 10 ಹಾಕಿ 7.50 ತೆಗೆದುಕೊಂಡಿರಿ, ಅದೂ ಕುದುರೆ ಮೂರನೆಯದಾಗಿ ಬಂದ ಮೇಲೆ! 5/1ಕ್ಕಿಂತ ಕಡಿಮೆ ಆಡ್ಸ್ ಇರುವ ಕುದುರೆಗೆ 1/5ರಲ್ಲಿ ಈಚ್ ವೇ ಕಟ್ಟಲೇಬೇಡಿ. ಡೆಡ್ ಹೀಟ್ ಇಲ್ಲದೆ ಬರೀ ಪ್ಲೇಸ್ ಬಂದರೂ ಹಾಕಿದಷ್ಟು ಹುಟ್ಟುವುದಿಲ್ಲ.

ಇನ್ನೊಂದು, ಫಲಿತಾಂಶದಲ್ಲಿ ಓಡಿದ ಕುದುರೆ ಎಷ್ಟು ಅಂತ ನೋಡಿ. ಕೊನೇ ಗಳಿಗೆಯಲ್ಲಿ ಒಂದು ಹಿಂದೆ ಸರಿದು ಏಳೇ ಓಡಿದ್ದರೆ, ಸಾಮಾನ್ಯವಾಗಿ ಪ್ಲೇಸ್ ಮೊದಲ ಎರಡಕ್ಕೆ ಮಾತ್ರ. ಆಗ ನಿಮಗೆ ಈ 7.50 ಕೂಡ ಸಿಗುತ್ತಿರಲಿಲ್ಲ.