ಆರು ನಿಮಿಷದ ಮದುವೆ ಹೈಲೈಟ್: ಮೊದಲು ಮಾತು, ಆಮೇಲೆ ಹಾಡು

ಪ್ರಶ್ನೆ: ಗೆಳತಿಯ ಮದುವೆಯ 5 ಗಂಟೆ ಫುಟೇಜ್ ಇದೆ. ಅವಳ ತಂದೆ, ವರನ ಅಕ್ಕ, ಆಮೇಲೆ ವಧೂವರರು ಜೊತೆಯಾಗಿ, ಹೀಗೆ ಮೂರು ಸಂದರ್ಶನ, ಒಟ್ಟು 43 ನಿಮಿಷ. ಒಂದು ಒಳ್ಳೆ ಹಾಡು ಹಾಕಿ ಅದರ ತಾಳಕ್ಕೆ ಶಾಟ್ ಕೂಡಿಸಿದೆ. ಎರಡನೇ ನಿಮಿಷಕ್ಕೇ ನೋಡುವವರು ಫೋನ್ ತೆಗೀತಾರೆ. ಸಂದರ್ಶನದ ಮಾತು ಎಲ್ಲಿ ಸೇರಿಸಿದರೂ ಹೊಂದ್ತಿಲ್ಲ. 6 ನಿಮಿಷವನ್ನ ಹೇಗೆ ಕಟ್ಟಲಿ?

ಉತ್ತರ: ಈಗಿರುವ ಟೈಮ್‌ಲೈನನ್ನು ಪಕ್ಕಕ್ಕಿಟ್ಟು, ಹೊಸದೊಂದನ್ನು ತೆರೆದು ಬರೀ ಮಾತಿನಿಂದ ಶುರು ಮಾಡಿ. ಹಾಡು ಮೊದಲು ಬಂದು ಕೂತರೆ ಅದೇ ಯಜಮಾನನಾಗುತ್ತದೆ, ಮಾತು ಅದು ಬಿಟ್ಟುಕೊಟ್ಟ ಸಂದಿಯಲ್ಲಿ ನುಸುಳಬೇಕಾಗುತ್ತದೆ. ಶಾಟ್‌ಗಳು ಎಷ್ಟೇ ಚೆಂದವಿದ್ದರೂ ಮುಂದೇನು ಎಂದು ಕಾಯಿಸುವಂಥದ್ದು ಇಲ್ಲದಿದ್ದರೆ ಎರಡನೇ ನಿಮಿಷಕ್ಕೆ ಗಮನ ಜಾರುತ್ತದೆ. ಕಾಯಿಸುವ ಕೆಲಸ ಮಾಡುವುದು ಮಾತು.

ಮೂರೂ ಸಂದರ್ಶನಗಳನ್ನು ಕೇಳುತ್ತಾ ಟೈಮ್‌ಕೋಡ್ ಸಮೇತ ಬರೆದುಕೊಳ್ಳಿ. ಇದಕ್ಕೆ ಅರ್ಧ ದಿನ ಹೋಗುತ್ತದೆ, ಹೋಗಲಿ. ಆಮೇಲೆ ಪೆನ್ನು ಹಿಡಿದು ಹೊಡೆದುಹಾಕುತ್ತಾ ಬನ್ನಿ. 'ತುಂಬಾ ಖುಷಿ ಆಯ್ತು', 'ಯಾವಾಗಲೂ ಹೀಗೇ ಚೆನ್ನಾಗಿರಲಿ' ಎನ್ನುವ ಮಾತು ಯಾವ ಮದುವೆಗೂ ಸಲ್ಲುತ್ತದೆ, ಹಾಗಾಗಿ ನಿಮ್ಮ ಚಿತ್ರಕ್ಕೆ ಬೇಡ. ಈ ಇಬ್ಬರ ಬಗ್ಗೆ ಮಾತ್ರ ಹೇಳಲು ಸಾಧ್ಯವಾದ ಎಂಟೋ ಹತ್ತೋ ಸಾಲು ಉಳಿಯಬೇಕು. ಒಟ್ಟು 360 ಸೆಕೆಂಡಿನಲ್ಲಿ ಮಾತಿಗೆ 100ರಿಂದ 120 ಸೆಕೆಂಡ್ ಸಾಕು. ಅದಕ್ಕಿಂತ ಹೆಚ್ಚಾದರೆ ಸಾಕ್ಷ್ಯಚಿತ್ರದ ಹಾಗೆ ಕಾಣುತ್ತದೆ.

ಆ ಸಾಲುಗಳ ಪೈಕಿ ಎರಡಾಗಿ ಸೀಳಬಹುದಾದ ಒಂದನ್ನು ಹುಡುಕಿ. ತಂದೆ ಹೀಗೆ ಹೇಳಿದ್ದಾರೆ ಎಂದಿಟ್ಟುಕೊಳ್ಳೋಣ: 'ಚಿಕ್ಕವಳಿದ್ದಾಗ ರಸ್ತೆ ದಾಟೋಕೆ ನನ್ನ ಬೆರಳು ಬಿಡ್ತಿರಲಿಲ್ಲ. ಇವತ್ತು ನನ್ನ ಕೈ ನಡುಗ್ತಿತ್ತು, ಅವಳೇ ಹಿಡ್ಕೊಂಡಳು.' ಇದನ್ನು ಒಟ್ಟಿಗೆ ಹಾಕಿದರೆ 12 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಮೊದಲ ವಾಕ್ಯವನ್ನು ಚಿತ್ರದ ಆರಂಭಕ್ಕೆ ಇಟ್ಟು, ಎರಡನೆಯದನ್ನು ಮುಖ್ಯ ವಿಧಿ ಶುರುವಾಗುವ ಹೊಸ್ತಿಲಿಗೆ ತಂದರೆ ನಡುವಿನ ಮೂರು ನಿಮಿಷಕ್ಕೆ ಒಂದು ಎಳೆ ಸಿಗುತ್ತದೆ. ಸಿದ್ಧತೆಯ ಶಾಟ್‌ಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಎನ್ನುವುದೂ ಆಗ ತಾನಾಗಿ ತೀರ್ಮಾನವಾಗುತ್ತದೆ: ಕೈಗಳು ಕಾಣುವ ಶಾಟ್, ತಂದೆ ಒಬ್ಬರೇ ನಿಂತಿರುವ ಶಾಟ್, ಬಾಗಿಲಾಚೆಯಿಂದ ಮಗಳನ್ನು ನೋಡುವ ಶಾಟ್. ಅಲಂಕಾರದ ಹೂವಿನ ಹತ್ತು ಕ್ಲೋಸಪ್‌ಗಳಲ್ಲಿ ಒಂದು ಸಾಕು.

ಈ ಸಾಲಿನ ಮೇಲೆ ನಿಮ್ಮ ಚಿತ್ರ ಹೀಗೆ ಕೂರಬಹುದು. ಮೊದಲ 30 ಸೆಕೆಂಡ್ ತಂದೆಯ ಅರ್ಧ ಮಾತು, ಜೊತೆಗೆ ಸದ್ದಿಲ್ಲದ ಬೆಳಗಿನ ಎರಡು ಮೂರು ಶಾಟ್. ಡ್ರೋನ್ ಶಾಟ್ ಇಲ್ಲಿ ಬೇಡ, ಅದು ಜಾಗ ತೋರಿಸುತ್ತದೆಯೇ ಹೊರತು ಮನುಷ್ಯರನ್ನಲ್ಲ. ಅಲ್ಲಿಂದ 1:45ರವರೆಗೆ ಸಿದ್ಧತೆ ಮತ್ತು ಅಕ್ಕನ ತಮಾಷೆ ಮಾತು. 1:45ರಿಂದ 3:15ರವರೆಗೆ ಜನ ಸೇರುವುದು, ವಧೂವರರು ಒಬ್ಬರನ್ನೊಬ್ಬರು ನೋಡುವುದು, ಕೊನೆಗೆ ತಂದೆಯ ಉಳಿದರ್ಧ ಮಾತು. 3:15ರಿಂದ 4 ನಿಮಿಷದವರೆಗೆ ಮುಖ್ಯ ಕ್ಷಣ. ನಂತರ 5:20ರವರೆಗೆ ಸಂಭ್ರಮ, ಕೊನೆಯ 40 ಸೆಕೆಂಡಿಗೆ ವಧೂವರರ ಒಂದೆರಡು ಸಾಲು.

ಮುಖ್ಯ ಕ್ಷಣದ ಆ 45 ಸೆಕೆಂಡಿನಲ್ಲಿ ಹಾಡನ್ನು ಪೂರ್ತಿ ನಿಲ್ಲಿಸಿ. ಮೂರು ನಿಮಿಷದಿಂದ ಸಂಗೀತ ಕೇಳಿದ ಕಿವಿಗೆ ಅದು ನಿಂತದ್ದೇ ದೊಡ್ಡ ಸದ್ದು. ಅಲ್ಲಿ ನಡೆದ ಮಾತು, ಬಟ್ಟೆಯ ಸರಸರ, ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದದ್ದು, ಎಲ್ಲ ಇರಲಿ. ಈ ಭಾಗಕ್ಕೆ ಬೇರೆ ರೆಕಾರ್ಡರ್‌ನ ಧ್ವನಿ ಬಳಸುತ್ತಿದ್ದರೆ ತುಟಿ ಮತ್ತು ಮಾತು ಇಲ್ಲೇ ಮತ್ತೆ ಹೊಂದಿಸಿ. ಕ್ಯಾಮೆರಾ ಮತ್ತು ರೆಕಾರ್ಡರ್‌ಗಳ ಗಡಿಯಾರ ತುಸು ಬೇರೆ ವೇಗದಲ್ಲಿ ಓಡುವುದರಿಂದ, ಮೊದಲಲ್ಲಿ ಸರಿಯಿದ್ದದ್ದು ಒಂದು ಗಂಟೆಯಾದ ಮೇಲೆ ಕೆಲವು ಫ್ರೇಮ್ ಜಾರಿರುವುದು ಮಾಮೂಲು.

ಈ ನಿಲುಗಡೆಯಿಂದ ಇನ್ನೊಂದು ತೊಂದರೆಯೂ ನೀಗುತ್ತದೆ. ಎರಡು ಹಾಡುಗಳನ್ನು ಒಂದರೊಳಗೊಂದು ಕರಗಿಸಿದರೆ ಶ್ರುತಿ ಬೇರೆಯಾಗಿ ಕಿವಿಗೆ ಹಿಂಸೆ. ನಡುವೆ 45 ಸೆಕೆಂಡ್ ಹಾಡಿಲ್ಲದಿದ್ದರೆ ಎರಡನೆಯದು ಯಾವ ಶ್ರುತಿಯಲ್ಲಿ, ಯಾವ ಲಯದಲ್ಲಿ ಬಂದರೂ ಒಪ್ಪುತ್ತದೆ. ಆರು ನಿಮಿಷಕ್ಕೆ ಎರಡೇ ಹಾಡು ಸಾಕು: ಮೊದಲು ನಿಧಾನದ್ದು, ಆಮೇಲೆ ಏರುವಂಥದ್ದು. ಮಾತು ಹೆಚ್ಚಿರುವ ಮೊದಲರ್ಧಕ್ಕೆ ಗಾಯನವಿಲ್ಲದ ವಾದ್ಯಸಂಗೀತವೇ ಸರಿ. ಹಾಡಿನ ಸಾಹಿತ್ಯ, ತಂದೆಯ ಮಾತು ಎರಡೂ ಏಕಕಾಲಕ್ಕೆ ಬಂದರೆ ಎರಡೂ ಅರ್ಥವಾಗುವುದಿಲ್ಲ. ನಿಮ್ಮ ಸಂದರ್ಶನ ಹೊಂದದೇ ಇರಲು ಇದೂ ಒಂದು ಕಾರಣವಿರಬಹುದು. ಹಕ್ಕಿನ ವಿಷಯವನ್ನೂ ಮೊದಲೇ ನೋಡಿಕೊಳ್ಳಿ. ಆನ್‌ಲೈನ್‌ನಲ್ಲಿ ಹಾಕುವುದಾದರೆ ಪರವಾನಗಿ ಇರುವ ಸಂಗೀತವನ್ನೇ ಆರಿಸಿ, ಇಲ್ಲವಾದರೆ ವಿಡಿಯೊದ ಧ್ವನಿಯೇ ಮ್ಯೂಟ್ ಆದೀತು.

ಇನ್ನು ತಾಳ. ನಿಮಿಷಕ್ಕೆ 80 ಬೀಟ್ ಇರುವ, ನಾಲ್ಕು ಬೀಟಿಗೊಂದು ಆವರ್ತದ ಹಾಡಾದರೆ ಒಂದು ಆವರ್ತ ಸರಿಯಾಗಿ 3 ಸೆಕೆಂಡ್, ನಾಲ್ಕು ಆವರ್ತದ ಒಂದು ಸುತ್ತು 12 ಸೆಕೆಂಡ್. ಪ್ರತಿ ಬೀಟಿಗೂ ಕತ್ತರಿಸಿದರೆ ಶಾಟ್ ಮುಕ್ಕಾಲು ಸೆಕೆಂಡ್ ಮಾತ್ರ ನಿಲ್ಲುತ್ತದೆ, ಯಾರ ಮುಖವೂ ದಕ್ಕುವುದಿಲ್ಲ. ಸುತ್ತು ಬದಲಾಗುವ ಕಡೆ ಜಾಗ ಅಥವಾ ಸನ್ನಿವೇಶ ಬದಲಿಸಿ. ಒಳಗಿನ ಕಟ್‌ಗಳು ತಾಳಕ್ಕೆ ಅಂಟಿಕೊಳ್ಳದೆ, ತಲೆ ತಿರುಗುವುದು, ಕೈ ಚಾಚುವುದು ಮುಗಿದ ಜಾಗದಲ್ಲಿ ಬೀಳಲಿ.

ಮಾತಿನ ಹಿಂದೆ ಸಂಗೀತ ಎಷ್ಟಿರಬೇಕು? ಮಾತಿನ ಮಟ್ಟಕ್ಕಿಂತ ಸುಮಾರು 15 ಡೆಸಿಬೆಲ್ ಕೆಳಗೆ ಇಟ್ಟು ಶುರು ಮಾಡಿ. ಹೆಡ್‌ಫೋನ್‌ನಲ್ಲಿ ಪರೀಕ್ಷಿಸಿ ಬಿಡಬೇಡಿ, ಫೋನಿನ ಸ್ಪೀಕರ್‌ನಲ್ಲಿ ಸಣ್ಣ ಸದ್ದಿಗೆ ಹಾಕಿ, ಆ ಮಾತನ್ನು ಮೊದಲು ಕೇಳಿರದವರ ಕೈಗೆ ಕೊಡಿ. ನಿಮಗೆ ಸಾಲು ಬಾಯಿಪಾಠ ಆಗಿರುವುದರಿಂದ ಕೇಳದಿದ್ದರೂ ಕೇಳಿದಂತಾಗುತ್ತದೆ. ಮೊದಲ ಸಲ ಮಾತಾಡುವವರ ಮುಖ ಎರಡು ಮೂರು ಸೆಕೆಂಡ್ ತೋರಿಸಿ, ಆಮೇಲೆ ಬೇರೆ ಶಾಟ್ ಹೊದಿಸಿ. ಮಾತು ಕತ್ತರಿಸಿದ ಜಾಗವೂ ಅದರಡಿ ಮುಚ್ಚುತ್ತದೆ. ಉಸಿರಿನ ಮಧ್ಯೆ ಮಾತ್ರ ಕತ್ತರಿಸಬೇಡಿ. ಕಣ್ಣಿಗೆ ಕಾಣದಿದ್ದರೂ ಕಿವಿ ಅದನ್ನು ಹಿಡಿಯುತ್ತದೆ.

ಇಷ್ಟಾದರೂ ಮೊದಲ ಕಟ್ ಎಂಟು ನಿಮಿಷ ಬರಬಹುದು. ಆಗ ಪ್ರತಿ ಶಾಟಿನಿಂದ ಅರ್ಧರ್ಧ ಸೆಕೆಂಡ್ ಕೆರೆಯಲು ಹೋಗಬೇಡಿ, ಎಲ್ಲ ಶಾಟೂ ಏದುಸಿರು ಬಿಡತೊಡಗುತ್ತವೆ. ಮೊದಲು ಸ್ಲೋ ಮೋಷನ್ ನೋಡಿ. ಅರ್ಧ ವೇಗಕ್ಕೆ ಇಳಿಸಿದ ನಾಲ್ಕು ಸೆಕೆಂಡಿನ ಶಾಟ್ ಎಂಟು ಸೆಕೆಂಡ್ ತಿನ್ನುತ್ತದೆ, ಅಂಥ ಹತ್ತು ಶಾಟನ್ನು ಮಾಮೂಲಿ ವೇಗಕ್ಕೆ ತಂದರೆ 40 ಸೆಕೆಂಡ್ ವಾಪಸ್ ಬರುತ್ತದೆ. ಉಳಿದ 80 ಸೆಕೆಂಡಿಗೆ ಒಂದು ಇಡೀ ಸನ್ನಿವೇಶವನ್ನೇ ಕೈಬಿಡಿ. ಹೆಚ್ಚಾಗಿ ಅದು ಸಂಭ್ರಮದ ಭಾಗದಲ್ಲೇ ಇರುತ್ತದೆ.