ಬೆಳಕಿನ ಕಂಬಗಳನ್ನು ಎಣಿಸುತ್ತಾ

ಪ್ರಶ್ನೆ: ಮೊದಲ ಮ್ಯಾರಥಾನ್‌ನ ಕೊನೆಯ ಕಿಲೋಮೀಟರ್‌ಗಳಲ್ಲಿ ಮನಸ್ಸಲ್ಲಿ ಏನು ಓಡುತ್ತಿರುತ್ತೆ? ಸುಸ್ತಾದಾಗ ಹೇಗೆ ಮುಗಿಸಿದಿರಿ?

ನನ್ನ ಮೊದಲನೆಯದು 2020ರ ಜನವರಿಯ ಮುಂಬೈ ಮ್ಯಾರಥಾನ್. 35ನೇ ಕಿಲೋಮೀಟರ್ ಹೊತ್ತಿಗೆ ಪೆಡ್ಡರ್ ರಸ್ತೆಯ ಏರು ಬರುತ್ತೆ. ಬೆಳಿಗ್ಗೆ ಕತ್ತಲಲ್ಲಿ ಹೋಗುವಾಗ ಅದು ಏರು ಅಂತ ಅನ್ನಿಸಿಯೇ ಇರಲಿಲ್ಲ. ವಾಪಸ್ ಬರುವಾಗ ಒಂಬತ್ತು ಗಂಟೆ ಹತ್ತಿರ. ಬಿಸಿಲು, ಸೆಕೆ. ಕಿಲೋಮೀಟರಿಗೆ ಆರೂಕಾಲು ನಿಮಿಷ ಅಂದುಕೊಂಡವನು ಮೊದಲ ಹತ್ತನ್ನು ಐದೂಮುಕ್ಕಾಲರಂತೆ ಓಡಿಬಿಟ್ಟಿದ್ದೆ. ತಪ್ಪಾಗಿದ್ದು ಅಲ್ಲೇ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಬೇಗ ಖರ್ಚಾಗಿತ್ತು. ಉಸಿರು ಚೆನ್ನಾಗಿಯೇ ಇತ್ತು, ಆದರೆ ತೊಡೆ ಮೇಲೇಳುತ್ತಿರಲಿಲ್ಲ. ಕಿವಿ ಪಕ್ಕದಲ್ಲಿ ಒಣಗಿದ ಬೆವರು ಉಪ್ಪಾಗಿ ಬೆರಳಿಗೆ ಹರಳು ಹರಳಾಗಿ ಹತ್ತುತ್ತಿತ್ತು.

ತಲೆಯೆತ್ತಿ ನೋಡಿದೆ. ಏರು ಪೂರ್ತಿ ಕಾಣಿಸಿತು. ಆಗ ನಿಂತೇಬಿಟ್ಟೆ.

ನೆನಪಾಗಿದ್ದು ಬಸವನಗುಡಿಯ ಬೆಳಗಿನ ಜಾವ. ಐದು ತಿಂಗಳು, ಭಾನುವಾರ ನಾಲ್ಕೂವರೆಗೆ ಮನೆ ಬಿಡುತ್ತಿದ್ದೆ. ಗಾಂಧಿ ಬಜಾರ್‌ನಲ್ಲಿ ಹೂವಿನವರು ಆಗಲೇ ಮೂಟೆ ಬಿಚ್ಚುತ್ತಿದ್ದರು, ಸೇವಂತಿಗೆ ವಾಸನೆ ಅರ್ಧ ರಸ್ತೆವರೆಗೆ ಬರುತ್ತಿತ್ತು. ಹಾಲಿನ ಗಾಡಿಯವರು ಕ್ರೇಟ್ ಇಳಿಸುವ ಸದ್ದು. ಅಮ್ಮ ಬಾಗಿಲಲ್ಲಿ ನಿಂತು, "ಜೇಬಲ್ಲಿ ಬೆಲ್ಲ ಇದೆ, ಮರೀಬೇಡ ಕಣೋ" ಅನ್ನುತ್ತಿದ್ದರು. ಆ ಕತ್ತಲಲ್ಲಿ ದೂರ ಏನೂ ಕಾಣುತ್ತಿರಲಿಲ್ಲ. ಮುಂದಿನ ಬೀದಿ ದೀಪದವರೆಗೆ ಓಡುವುದು, ಅಲ್ಲಿಂದ ಅದರ ಮುಂದಿನದಕ್ಕೆ. ನನ್ನ ಅತಿ ಉದ್ದದ ಓಟ, 32 ಕಿಲೋಮೀಟರ್, ಹಾಗೇ ಶುರುವಾಗಿತ್ತು.

ಮುಂಬೈಯಲ್ಲೂ ಹಾಗೇ ಮಾಡಿದೆ. ಟೋಪಿ ಕೆಳಗೆ ಎಳೆದುಕೊಂಡು, ಒಂದು ಕಂಬ ಮಾತ್ರ ಕಾಣುವಷ್ಟು ದೃಷ್ಟಿ ಇಳಿಸಿದೆ. ಹೆಜ್ಜೆ ಚಿಕ್ಕದು ಮಾಡಿದೆ. ಒಂದು ಕಂಬದವರೆಗೆ ಓಟ, ಮುಂದಿನದಕ್ಕೆ ನಡಿಗೆ. ಜೇಬಿನ ಬೆಲ್ಲ ಬೆವರಿಗೆ ಕರಗಿ ಕಾಗದಕ್ಕೆ ಅಂಟಿತ್ತು. ಕಾಗದದ ಸಮೇತ ಹಲ್ಲಲ್ಲಿ ಕಚ್ಚಿ ಎಳೆದೆ. ನೀರು ಗುಟುಕು ಗುಟುಕಾಗಿ ಕುಡಿದೆ. ಈ ಹೊತ್ತಲ್ಲಿ ಬರೀ ನೀರನ್ನು ಒಂದೇ ಸಲ ಜಾಸ್ತಿ ಕುಡಿಯಬಾರದು, ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆ ಸುತ್ತಬಹುದು. ರಸ್ತೆ ಬದಿ ನಿಂತಿದ್ದ ಒಬ್ಬ ಅಜ್ಜಿ ಕಿತ್ತಳೆ ತೊಳೆಗೆ ಉಪ್ಪು ಹಚ್ಚಿ ಕೈಗಿಟ್ಟರು. ಅದರ ರುಚಿ ಇವತ್ತಿಗೂ ನಾಲಿಗೆ ಮೇಲಿದೆ.

ಬೆಲ್ಲ ಕೆಲಸ ಮಾಡಲು ಹತ್ತು ಹದಿನೈದು ನಿಮಿಷ ಬೇಕು, ಅಲ್ವಾ? ಅಷ್ಟರಲ್ಲಿ ಇಳಿಜಾರು ಬಂತು, ಚೌಪಾಟಿ ಬಂತು. ಮರೀನ್ ಡ್ರೈವ್‌ನಲ್ಲಿ ಬಿಸಿಲು ನೇರ ಮುಖಕ್ಕೆ ಹೊಡೆಯಿತು. ಅಲ್ಲಿ ಕಂಬಗಳು ಸಾಲಾಗಿ ಇವೆ. ಎಣಿಸುತ್ತಾ ಹೋದೆ, ಅರವತ್ತರ ಆಚೆ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದೆ.

4 ಗಂಟೆ 32 ನಿಮಿಷ. ಗೆರೆ ದಾಟಿ ಅಮ್ಮನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: "ಬೆಲ್ಲ ತಿಂದ್ಯಾ?"