ಪೀನಟ್ ಬಟರ್ ಮೇಲೆ ನಿಂತ ಎಣ್ಣೆ, ತಳದ ಗಟ್ಟಿ, ಕಮಟು ವಾಸನೆ

ಪ್ರಶ್ನೆ: ಬರೀ ಕಡಲೆಕಾಯಿಯಿಂದ ಮಾಡಿದ ಒಂದು ಕಿಲೋ ಪೀನಟ್ ಬಟರ್ ತಂದಿದ್ದೆವು. ಮುಚ್ಚಳ ತೆಗೆದಾಗ ಮೇಲೆ ಎಣ್ಣೆ ನಿಂತಿತ್ತು. ಜಿಡ್ಡು ಕಡಿಮೆಯಾಗಲಿ ಎಂದು ಅರ್ಧ ಲೋಟದಷ್ಟು ಬಸಿದು ಒಗ್ಗರಣೆಗೆ ಬಳಸಿದೆ. ಈಗ ಎರಡು ತಿಂಗಳಾಗಿದೆ, ಡಬ್ಬಿ ಒಲೆಯ ಪಕ್ಕದ ಕಪಾಟಿನಲ್ಲೇ ಇತ್ತು. ತಳದಲ್ಲಿ ಉಳಿದದ್ದು ಚಮಚ ಇಳಿಯದಷ್ಟು ಗಟ್ಟಿಯಾಗಿದೆ, ಹಳೆಯ ಪೇಂಟಿನಂಥ ವಾಸನೆಯೂ ಬರುತ್ತಿದೆ. ಸರಿಮಾಡಿ ತಿನ್ನಬಹುದೇ? ಮಗ ತಂದಿಟ್ಟ ತಾಹಿನಿ ಎಂಬ ಎಳ್ಳಿನ ಪೇಸ್ಟೂ ಗಂಟುಗಂಟಾಗಿದೆ, ಅದನ್ನೇನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗಟ್ಟಿಯಾದದ್ದನ್ನು ಸರಿಪಡಿಸಬಹುದು. ಆದರೆ ಆ ವಾಸನೆ ಪೀನಟ್ ಬಟರಿನ ಒಳಗಿನವರೆಗೂ ಇಳಿದಿದ್ದರೆ ಅದಕ್ಕೆ ಪರಿಹಾರವಿಲ್ಲ. ಹಾಗಾಗಿ ಮೊದಲು ವಾಸನೆಯನ್ನು ಪರೀಕ್ಷಿಸಿ, ಅದು ಸರಿಯಿದ್ದರೆ ಮಾತ್ರ ಗಟ್ಟಿಯನ್ನು ಸಡಿಲಿಸುವ ಕೆಲಸಕ್ಕೆ ಕೈಹಾಕಿ.

ಡಬ್ಬಿಯ ಬಾಯಿಯ ಅಂಚಿಗೆ ಮತ್ತು ಮುಚ್ಚಳದ ಒಳಮೈಗೆ ತೆಳ್ಳಗೆ ಅಂಟಿಕೊಂಡ ಪದರಕ್ಕೆ ಎಲ್ಲ ಕಡೆಯಿಂದ ಗಾಳಿ ತಾಗುವುದರಿಂದ ಅದು ಎಲ್ಲಕ್ಕಿಂತ ಮೊದಲು ಕೆಡುತ್ತದೆ. ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿಯುವ ವಾಸನೆ ಎಷ್ಟೋ ಸಲ ಈ ಪದರದ್ದೇ ಆಗಿರುತ್ತದೆ. ಅಂಚನ್ನೂ ಮುಚ್ಚಳವನ್ನೂ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲಿನ ಬೆರಳಗಲದಷ್ಟು ಭಾಗವನ್ನು ಕೆರೆದು ತೆಗೆದುಹಾಕಿ, ಆಮೇಲೆ ಒಳಗಿನಿಂದ ಅರ್ಧ ಚಮಚ ತೆಗೆದು ಬಿಳಿ ತಟ್ಟೆಯ ಮೇಲೆ ಸವರಿ. ಪಕ್ಕದಲ್ಲಿ ಆಗತಾನೇ ಹುರಿದು ಜಜ್ಜಿದ ನಾಲ್ಕು ಕಡಲೆಕಾಯಿ ಬೀಜಗಳನ್ನು ಇಟ್ಟುಕೊಂಡು ಒಂದಾದ ಮೇಲೊಂದು ಮೂಸಿ ನೋಡಿ. ಒಳಗಿನದರಲ್ಲಿ ಹುರಿದ ಘಮ ಸ್ವಲ್ಪ ಕುಂದಿದೆ ಎನ್ನಿಸಿದರೆ ಅದು ಬರೀ ಹಳತಾಗಿದೆ, ಕೆಟ್ಟಿಲ್ಲ. ಪೇಂಟು ಅಥವಾ ಬಹಳ ದಿನದ ಕರಿದ ಎಣ್ಣೆಯ ಕಮಟು ಅಲ್ಲಿಯೂ ಇದ್ದರೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಟ್ಟಿದೆ ಎಂದೇ ಅರ್ಥ. ಆಗ ಎಸೆದುಬಿಡಿ. ಬಿಸಿ ಮಾಡಿದರೆ ವಾಸನೆಯ ಒಂದಂಶ ಹಾರಿಹೋಗಬಹುದೇ ಹೊರತು ಕೆಟ್ಟ ಎಣ್ಣೆ ಒಳ್ಳೆಯದಾಗುವುದಿಲ್ಲ. ಬೆಲ್ಲ ಬೆರೆಸುವುದು ಅದನ್ನು ಮರೆಮಾಚುತ್ತದೆ ಅಷ್ಟೇ. ಹೊಸ ಡಬ್ಬಿಯದಕ್ಕೆ ಬೆರೆಸುವುದಂತೂ ಬೇಡವೇ ಬೇಡ, ಏಕೆಂದರೆ ಕೆಟ್ಟ ಎಣ್ಣೆ ಒಳ್ಳೆಯ ಎಣ್ಣೆಯೂ ಬೇಗ ಕೆಡುವಂತೆ ಮಾಡುತ್ತದೆ.

ಪೇಂಟಿನ ವಾಸನೆಯ ಬದಲು ಮಳೆಗಾಲದ ಮುಗ್ಗಲು ವಾಸನೆ ಬಂದರೆ ಅಥವಾ ನವಿರಾದ ಬೂಷ್ಟು ಕಂಡರೆ ಒಳಗೆ ಎಲ್ಲೋ ನೀರು ಸೇರಿದೆ. ಅಂಥದ್ದನ್ನು ಕೆರೆದು ತೆಗೆದು ಉಳಿದದ್ದನ್ನು ತಿನ್ನುವುದು ಸರಿಯಲ್ಲ, ಇಡೀ ಡಬ್ಬಿಯನ್ನೇ ಬಿಸಾಡಬೇಕು.

ಇನ್ನು ಗಟ್ಟಿಯ ವಿಚಾರ. ಕಡಲೆಕಾಯಿ ಬೀಜದಲ್ಲಿ ತೂಕದ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ ಇರುತ್ತದೆ. ಬೀಜ ನುಣ್ಣಗಾದಾಗ ಆ ಎಣ್ಣೆ ಹೊರಬಂದು, ಉಳಿದ ಹಿಟ್ಟಿನ ಕಣಗಳು ಅದರಲ್ಲಿ ತೇಲುತ್ತಿರುತ್ತವೆ. ಕಣಗಳು ಎಣ್ಣೆಗಿಂತ ಭಾರವಾದ್ದರಿಂದ ದಿನ ಕಳೆದಂತೆ ತಳಕ್ಕಿಳಿಯುತ್ತವೆ, ಎಣ್ಣೆ ಮೇಲಕ್ಕೆ ಬರುತ್ತದೆ. ಕಣದ ಗಾತ್ರ ಅರ್ಧವಾದರೆ ಅದು ಇಳಿಯುವ ವೇಗ ಕಾಲು ಭಾಗಕ್ಕೆ ಕುಸಿಯುತ್ತದೆ. ಮನೆಯ ಮಿಕ್ಸಿಯಲ್ಲಿ ತರಿತರಿಯಾಗಿ ರುಬ್ಬಿದ್ದು ಒಂದೆರಡು ದಿನದಲ್ಲೇ ಎಣ್ಣೆ ಬಿಡುವುದಕ್ಕೂ ಕಾರ್ಖಾನೆಯ ನುಣುಪಾದದ್ದು ವಾರಗಟ್ಟಲೆ ತಡೆಯುವುದಕ್ಕೂ ಇದೇ ಕಾರಣ. ಎಣ್ಣೆಯನ್ನೇ ಬಿಡದ ಡಬ್ಬಿಗಳೂ ಅಂಗಡಿಯಲ್ಲಿ ಸಿಗುತ್ತವೆ. ಅವುಗಳಲ್ಲಿ ಹೈಡ್ರೋಜನೀಕರಿಸಿದ ಸಸ್ಯಜನ್ಯ ಎಣ್ಣೆಯನ್ನು ನೂರಕ್ಕೆ ಒಂದೆರಡು ಪಾಲು ಬೆರೆಸಿರುತ್ತಾರೆ. ಅದು ತಣಿದಾಗ ಸೂಕ್ಷ್ಮ ಹರಳುಗಳ ಜಾಲವಾಗಿ ಎಣ್ಣೆಯನ್ನು ಹಿಡಿದಿಡುತ್ತದೆ. ನೀವು ತಂದದ್ದರಲ್ಲಿ ಅದು ಇಲ್ಲದ ಕಾರಣ ಎಣ್ಣೆ ಮೇಲೆ ನಿಂತದ್ದು ದೋಷವೇ ಅಲ್ಲ.

ತೊಂದರೆ ಶುರುವಾದದ್ದು ಬಸಿದಾಗ. ಒಂದು ಕಿಲೋದಲ್ಲಿ ಸುಮಾರು 500 ಗ್ರಾಂ ಎಣ್ಣೆ ಇತ್ತು ಎಂದುಕೊಳ್ಳಿ. ಅರ್ಧ ಲೋಟ, ಅಂದರೆ ಸುಮಾರು 100 ಮಿಲಿಲೀಟರ್ ಬಸಿದಾಗ 90 ಗ್ರಾಂ ಹೋಯಿತು. ಉಳಿದ 910 ಗ್ರಾಂನಲ್ಲಿ 410 ಗ್ರಾಂ ಎಣ್ಣೆ, ಎಂದರೆ ನೂರಕ್ಕೆ 45 ಪಾಲು. ಐದು ಪಾಲಿನ ವ್ಯತ್ಯಾಸ ಸಣ್ಣದೆನ್ನಿಸಬಹುದು, ಆದರೆ ಕಣಗಳ ನಡುವಿನ ಸಂದುಗಳನ್ನು ತುಂಬಿ ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತಿದ್ದದ್ದು ಆ ಎಣ್ಣೆಯೇ. ಅದು ಸಾಲದಾದ ಕೂಡಲೇ ಕಣಗಳು ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಅದರ ಮೇಲೆ, ಕಲಕದ ಡಬ್ಬಿಯಲ್ಲಿ ಎಣ್ಣೆ ಹೆಚ್ಚಿರುವ ಮೇಲಿನ ಭಾಗವೇ ಮೊದಲು ಖರ್ಚಾಗುತ್ತದೆ; ಕೊನೆಗೆ ತಳದಲ್ಲಿ ಸಿಗುವುದು ಗಾಣದಿಂದ ತೆಗೆದ ಹಿಂಡಿಯ ಹತ್ತಿರದ ಪದಾರ್ಥ. ಜಿಡ್ಡು ಕಡಿಮೆಯಾಗಲಿ ಎಂಬ ನಿಮ್ಮ ಉದ್ದೇಶವನ್ನು ಗೌರವಿಸುತ್ತೇನೆ, ಆದರೆ ಅದಕ್ಕೆ ಬಸಿಯುವುದಕ್ಕಿಂತ ರೊಟ್ಟಿಗೆ ಸವರುವಾಗ ಒಂದು ಚಮಚ ಕಡಿಮೆ ಹಾಕಿಕೊಳ್ಳುವುದು ಒಳ್ಳೆಯ ದಾರಿ.

ವಾಸನೆಯ ಪರೀಕ್ಷೆಯಲ್ಲಿ ಪಾಸಾದರೆ ಹೀಗೆ ಮಾಡಿ. ಮುಚ್ಚಳ ಬಿಗಿಯಾಗಿ ಹಾಕಿದ ಡಬ್ಬಿಯನ್ನು ಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರಿನಲ್ಲಿ, ನೀರು ಕತ್ತಿನಿಂದ ಕೆಳಗೇ ಇರುವಂತೆ, ಇಪ್ಪತ್ತು ನಿಮಿಷ ನಿಲ್ಲಿಸಿ. ಹೊರಗನ್ನು ಪೂರ್ತಿ ಒರೆಸಿದ ಮೇಲೆ ಗಟ್ಟಿ ಭಾಗವನ್ನು ಚಾಕುವಿನಿಂದ ತುಂಡು ಮಾಡಿ ಒಣಗಿದ ಮಿಕ್ಸಿ ಜಾರಿಗೆ ಹಾಕಿ. ಉಳಿದದ್ದು 300 ಗ್ರಾಂನಷ್ಟಿದ್ದರೆ ಎರಡು ದೊಡ್ಡ ಚಮಚ ತಾಜಾ ಕಡಲೆಕಾಯಿ ಎಣ್ಣೆ ಸಾಕು. ಒಂದನ್ನು ಹಾಕಿ ಐದಾರು ಸಲ ಬಿಟ್ಟುಬಿಟ್ಟು ತಿರುಗಿಸಿ, ಮೊದಲು ಮರಳಿನಂತೆ ಉದುರುದುರಾಗಿದ್ದದ್ದು ಮೆಲ್ಲಗೆ ಜಾರಿನ ಗೋಡೆ ಬಿಟ್ಟು ಉಂಡೆಗೂಡುವುದನ್ನು ನೋಡಿ ಎರಡನೆಯದನ್ನು ಹಾಕಿ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯೇರಿ ಎಣ್ಣೆ ಬೇಗ ಕೆಡುತ್ತದೆ. ಆಮೇಲೆ ಗಾಜಿನ ಸಣ್ಣ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದೊಳಗೆ ಮುಗಿಸಿ. ಹಿತ್ತಾಳೆ ಅಥವಾ ತಾಮ್ರದ ಪಾತ್ರೆ ಬೇಡ, ಆ ಲೋಹ ಕಮಟಾಗುವುದನ್ನು ಬೇಗಗೊಳಿಸುತ್ತದೆ.

ಮುಂದಿನ ಡಬ್ಬಿಯನ್ನು ತೆರೆಯುವ ಮುನ್ನ ಒಂದು ದಿನ ತಲೆಕೆಳಗಾಗಿ ಇಡಿ. ಎಣ್ಣೆ ತಾನಾಗಿಯೇ ಗಟ್ಟಿ ಭಾಗದ ನಡುವೆ ಹಾದು ಬರುತ್ತದೆ. ತೆರೆದ ದಿನವೇ ಚಾಕುವನ್ನು ತಳ ಮುಟ್ಟಿಸಿ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಕಲಕಿ, ಕೂಡಲೇ ಫ್ರಿಜ್ಜಿಗಿಡಿ. ತಂಪಿನಲ್ಲಿ ಎಣ್ಣೆ ಮಂದವಾಗುವುದರಿಂದ ಮತ್ತೆ ಬೇರ್ಪಡುವುದೂ ಕಮಟಾಗುವುದೂ ನಿಧಾನವಾಗುತ್ತವೆ. ಒಲೆಯ ಪಕ್ಕದ ಕಪಾಟು ಉಳಿದ ಅಡುಗೆಮನೆಗಿಂತ ಹತ್ತು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಆಹಾರ ವಿಜ್ಞಾನದ ಸಾಮಾನ್ಯ ಲೆಕ್ಕ.

ತಾಹಿನಿಯ ಗಂಟುಗಳನ್ನು ಗಮನವಿಟ್ಟು ನೋಡಿ. ಮೇಲೆ ಎಣ್ಣೆ ನಿಂತು ತಳ ಮಾತ್ರ ಗಟ್ಟಿಯಾಗಿದ್ದರೆ ಅದು ಎಳ್ಳಿನ ಸಹಜ ಗುಣ, ಮೇಲಿನ ಕ್ರಮದಲ್ಲೇ ಕಲಕಿದರೆ ಸಾಕು. ಎಳ್ಳಿನಲ್ಲಿಯೇ ಇರುವ ಕಮಟು ತಡೆಯುವ ಸಂಯುಕ್ತಗಳಿಂದಾಗಿ ಅದು ಕಡಲೆಕಾಯಿಗಿಂತ ನಿಧಾನವಾಗಿ ಕೆಡುತ್ತದೆ. ಆದರೆ ಗಂಟುಗಳು ಚಮಚ ಇಳಿದ ಜಾಗದ ಸುತ್ತಲೇ, ಹೊಳಪಿಲ್ಲದೆ ಬಿಳಿಚಿಕೊಂಡು ನಿಂತಿದ್ದರೆ ಒದ್ದೆ ಚಮಚ ಒಳಗೆ ಹೋಗಿದೆ. ಕೊಂಚ ನೀರು ತಾಗಿದರೂ ಎಳ್ಳಿನ ಕಣಗಳು ಅದನ್ನು ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದು ಇವತ್ತು ನಿನ್ನೆಯದಾಗಿದ್ದು ವಾಸನೆ ಸರಿಯಿದ್ದರೆ ಗಂಟುಗಳನ್ನೆಲ್ಲ ಬಟ್ಟಲಿಗೆ ತೆಗೆದು, ನಿಂಬೆರಸ ಮತ್ತು ನೀರನ್ನು ಚಮಚ ಚಮಚವಾಗಿ ಸೇರಿಸುತ್ತ ಕಲಸಿ. ಮೊದಲು ಇನ್ನಷ್ಟು ಬಿಗಿಯಾಗುತ್ತದೆ, ಹೆದರಬೇಡಿ, ಕೈಬಿಡದೆ ಕಲಸಿದರೆ ಬೆಳ್ಳಗಾಗಿ ಗಟ್ಟಿ ಮೊಸರಿನ ಹದಕ್ಕೆ ಸಡಿಲವಾಗುತ್ತದೆ. ಅದನ್ನು ಅಂದೇ ಬಳಸಿ, ಬಾಟಲಿಗೆ ಹಿಂದಿರುಗಿಸಬೇಡಿ. ಒದ್ದೆಯಾಗಿ ವಾರಗಳೇ ಕಳೆದಿದ್ದು ಡಬ್ಬಿ ಹೊರಗೇ ಇದ್ದರೆ ಬೂಷ್ಟು ಕಾಣದಿದ್ದರೂ ಅದನ್ನು ಉಳಿಸಿಕೊಳ್ಳದಿರುವುದು ಒಳ್ಳೆಯದು.